ಬೋರ್‌ವೆಲ್ ನೀರು, ಇಕ್ಕಟ್ಟಾದ ಯುಟಿಲಿಟಿ: ಫ್ರಂಟ್ ಲೋಡೋ, ಟಾಪ್ ಲೋಡೋ?

ಪ್ರಶ್ನೆ (ಕೋಲಾರದ ಗೃಹಿಣಿ): ನಾವು ನಾಲ್ಕು ಜನ. ಬೋರ್‌ವೆಲ್ ನೀರು, ಟಿಡಿಎಸ್ ಮೀಟರ್ 800 ತೋರಿಸುತ್ತದೆ. ಯುಟಿಲಿಟಿಯಲ್ಲಿ 65 ಸೆಂ.ಮೀ. ಅಗಲದ ಜಾಗವಿದೆ. ನೆಲದಿಂದ 110 ಸೆಂ.ಮೀ. ಎತ್ತರದಲ್ಲಿ ಕಲ್ಲಿನ ಶೆಲ್ಫ್ ಇದೆ. ಯಾವ ಮೆಷಿನ್ ಕೊಳ್ಳಲಿ?

ಸದಸ್ಯರೊಬ್ಬರು: ಗಡಸು ನೀರಿಗೆ ಫ್ರಂಟ್ ಲೋಡ್ ಬೇಡವೇ ಬೇಡ, ಹೀಟರ್ ಸುಟ್ಟುಹೋಗುತ್ತದೆ. ಟಾಪ್ ಲೋಡ್‌ಗೆ ಏನೂ ಆಗುವುದಿಲ್ಲ.

ವಾಷಿಂಗ್ ಮೆಷಿನ್ ರಿಪೇರಿ ಮಾಡುವವರು: ಮೇಡಂ, ಆ ಶೆಲ್ಫ್ ಕೀಳಲು ಆಗದಿದ್ದರೆ ಟಾಪ್ ಲೋಡ್ ಮರೆತುಬಿಡಿ. ಅದು ಶೆಲ್ಫಿನ ಕೆಳಗೆ ಹಿಡಿಸಿದರೂ ಮುಚ್ಚಳ ಪೂರ್ತಿ ತೆರೆಯುವುದಿಲ್ಲ. ಫ್ರಂಟ್ ಲೋಡ್ ಸಾಮಾನ್ಯವಾಗಿ 85 ಸೆಂ.ಮೀ. ಎತ್ತರ, 60 ಸೆಂ.ಮೀ. ಅಗಲ ಇರುತ್ತದೆ. ಹಿಂದೆ ಪೈಪಿಗೆ ನಾಲ್ಕು ಬೆರಳು ಬಿಡಿ. ಮುಂದೆ ಬಾಗಿಲು ತೆರೆದು ಬಗ್ಗಿ ಬಟ್ಟೆ ತೆಗೆಯಲು ಎರಡಡಿಯಾದರೂ ಬೇಕು.

ಸರ್, ಹೀಟರ್ ವಿಷಯದಲ್ಲಿ ನೀವು ಹೇಳಿದ್ದು ಅರ್ಧ ನಿಜ. ನೀರು ಕಾದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ಅಂಥ ಹೀಟರ್ ಬಿಚ್ಚಿದರೆ ಕಾಯಿಲ್ ಕಾಣದಷ್ಟು ಬಿಳಿ ಹೆಪ್ಪು ಕೂತಿರುತ್ತದೆ, ಚಾಕುವಿನಿಂದ ಕೆರೆದರೆ ಚಕ್ಕೆಚಕ್ಕೆಯಾಗಿ ಉದುರುತ್ತದೆ. ದಿನನಿತ್ಯದ ಬಟ್ಟೆಗೆ ತಣ್ಣೀರು ಅಥವಾ 30 ಡಿಗ್ರಿ ಸಾಕು, ಆಗ ಅದು ನಿಧಾನವಾಗುತ್ತದೆ. ಹೀಟರ್ ಇಲ್ಲದ ಟಾಪ್ ಲೋಡ್‌ನಲ್ಲೂ ಹೊರ ಟಬ್ಬಿನ ಒಳಗೋಡೆಗೆ ಸುಣ್ಣ, ಸೋಪು ಸೇರಿ ಲೋಳೆ ಮೆತ್ತಿಕೊಳ್ಳುತ್ತದೆ. ಟಾಪ್ ಲೋಡ್‌ಗೆ ನೀರೂ ಹೆಚ್ಚು ಬೇಕು, ಗಡಸು ಹೆಚ್ಚಿದ್ದರೆ ಸೋಪಿನ ಪುಡಿಯೂ ಅಷ್ಟೇ ಹೆಚ್ಚು ಬೇಕು.

ಎರಡು ಮೂರು ತಿಂಗಳಿಗೊಮ್ಮೆ ಖಾಲಿ ಡ್ರಮ್‌ಗೆ 100 ಗ್ರಾಂ ಸಿಟ್ರಿಕ್ ಆಸಿಡ್ ಪುಡಿ ಹಾಕಿ 60 ಡಿಗ್ರಿಯಲ್ಲಿ ಓಡಿಸಿ. ಅದರ ಜೊತೆ ಬ್ಲೀಚ್ ಎಂದೂ ಹಾಕಬೇಡಿ, ವಿಷಾನಿಲ ಏಳುತ್ತದೆ. 40 ಡಿಗ್ರಿಯ ವಾಷ್ ಅರ್ಧ ಗಂಟೆ ಓಡಿದ ಮೇಲೂ ಬಾಗಿಲಿನ ಗಾಜು ಮುಟ್ಟಿದರೆ ತಣ್ಣಗಿದ್ದರೆ, ಅಥವಾ ಬಿಸಿಯಾಗುವ ಹೊತ್ತಿಗೆ, ಕರೆಂಟ್ ಸೋರಿದರೆ ಆಫ್ ಆಗುವ ಇಎಲ್‌ಸಿಬಿ ಸ್ವಿಚ್ ಬಿದ್ದರೆ ಹೀಟರ್ ತೋರಿಸಿ.

ಇನ್ನೊಂದು ಮಾತು. ಟಿಡಿಎಸ್ 800 ಎಂದರೆ ಗಡಸು 800 ಎಂದಲ್ಲ. ನೀರಿನಲ್ಲಿರುವ ಉಪ್ಪೆಲ್ಲ ಆ ಲೆಕ್ಕಕ್ಕೆ ಬರುತ್ತದೆ. ಹನಿ ಹಾಕಿ ನೋಡುವ ಹಾರ್ಡ್‌ನೆಸ್ ಕಿಟ್ ತಂದು ಪರೀಕ್ಷಿಸಿ.

ಮತ್ತೊಬ್ಬ ಸದಸ್ಯೆ: ನಮ್ಮ ಮನೆಯಲ್ಲಿ ಬಿಳಿ ಅಂಗಿಗಳೆಲ್ಲ ಹಳದಿಯಾಗಿವೆ. ಪೈಪಿಗೆ ಸಣ್ಣ ಫಿಲ್ಟರ್ ಹಾಕಿಸಿದರೂ ಪ್ರಯೋಜನವಾಗಿಲ್ಲ. ನಾವೂ ಫ್ರಂಟ್ ಲೋಡ್‌ಗೆ ಬದಲಾಯಿಸಬೇಕೇ?

ರಿಪೇರಿಯವರು: ಮೆಷಿನ್ ಬದಲಾಯಿಸಿದರೆ ಅದು ಹೋಗುವುದಿಲ್ಲ ಅಕ್ಕ. ಬಕೆಟ್‌ನಲ್ಲಿ ನೀರು ರಾತ್ರಿಯಿಡೀ ಇಡಿ. ತಳದಲ್ಲಿ ಕೆಂಚು ಮಡ್ಡಿ ಕೂತರೆ ನೀರಿನಲ್ಲಿ ಕಬ್ಬಿಣವಿದೆ. ಪೈಪಿಗೆ ಸಿಕ್ಕಿಸುವ ಆ ಸಣ್ಣ ಫಿಲ್ಟರ್‌ಗಳು ಮರಳು ತಡೆಯುತ್ತವೆ ಅಥವಾ ಸುಣ್ಣ ಅಂಟದಂತೆ ನೋಡಿಕೊಳ್ಳುತ್ತವೆ. ಗಡಸು ತೆಗೆಯಲು ಉಪ್ಪು ಹಾಕಿ ತೊಳೆಯುವ ರೆಸಿನ್ ಸಾಫ್ಟನರ್ ಬೇಕು.

ಪ್ರಶ್ನೆ ಕೇಳಿದವರು: ನಮ್ಮದು ಮೇಲಿನ ಮಹಡಿ, ಟ್ಯಾಂಕ್ ನೇರ ತಲೆಯ ಮೇಲೆಯೇ ಇದೆ. ತೊಂದರೆ ಆಗುತ್ತದೆಯೇ?

ರಿಪೇರಿಯವರು: ಆಗಬಹುದು. ಟ್ಯಾಂಕಿನ ನೀರಿನ ಮಟ್ಟ ಮೆಷಿನ್ನಿನ ನಲ್ಲಿಗಿಂತ ಮೂರು ಮೀಟರ್ ಮೇಲಿದ್ದರೆ ಸಿಗುವುದು 0.3 ಬಾರ್ ಒತ್ತಡ. ಕೆಲವು ಮಾಡೆಲ್‌ಗಳಿಗೆ ಅಷ್ಟು ಸಾಲದು. ಎತ್ತರ ಅಳೆದು ಇಲ್ಲಿ ಹಾಕಿ, ಪ್ರೆಶರ್ ಪಂಪ್ ಬೇಕೋ ಬೇಡವೋ ಆಮೇಲೆ ಹೇಳುತ್ತೇನೆ. ಅಲ್ಲಿಯವರೆಗೆ ಮುಂಗಡ ಕೊಡಬೇಡಿ.