ಗ್ರಾಹಕರ ‘ಕೋಟ್’ಗೆ ಏನನ್ನೋಣ?

ನಮಸ್ಕಾರ, ಮಂಗಳೂರಿನಿಂದ ಬರೆಯುತ್ತಿದ್ದೇನೆ. ಹಣ ಕಳಿಸುವ ಆ್ಯಪ್ ಬಗ್ಗೆ 14 ಜನರನ್ನು ಮಾತಾಡಿಸಿ ಮಾಡಿದ 38 ಸ್ಲೈಡಿನ ಡೆಕ್ ಒಂದುಂಟು. ಅದರಿಂದ ಗ್ರಾಹಕರ ಕೋಟ್‌ಗಳನ್ನು ಹೆಕ್ಕಿ, ಥೀಮ್ ಪ್ರಕಾರ ಶೀಟಿನಲ್ಲಿ ಜೋಡಿಸುತ್ತಿದ್ದೇನೆ. ಕೋಟ್‌ಗೆ ‘ಉಲ್ಲೇಖ’ ಅಂತ ಹಾಕಿದರೆ ಪಕ್ಕದವರು “ಯಾವ ಪುಸ್ತಕದ್ದು?” ಅಂದರು. ಥೀಮ್‌ಗೆ ‘ವಿಷಯ’ ಅಂದರೆ ಸುಮ್ನೆ ಸ್ಲೈಡಿನ ತಲೆಬರಹದ ಹಾಗೆ ಕಾಣುತ್ತದೆ. ಒಳ್ಳೆ ಪದ ಇದ್ದರೆ ಹೇಳಿ.

*ಬಂದರಿನಿಂದ:* ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಟೇಶನ್‌ಗೆ ‘ದರಪಟ್ಟಿ’ ಅಂತಲೇ ಬರೆಯುವುದು. ಜಿಎಸ್‌ಟಿ ಸೇರಿಸಿದ್ದೋ ಬಿಟ್ಟದ್ದೋ ಅಂತ ಕೆಳಗೆ ಹಾಕಿ, ಇಲ್ಲದಿದ್ದರೆ ಆಮೇಲೆ ತಕರಾರು.

*ಉಡುಪಿಯಿಂದ:* ಅದಲ್ಲ ಮಾರಾಯ್ರೆ, ಇದು ಬೇರೆ ಕೋಟ್! ಪತ್ರಿಕೆಯಲ್ಲಿ ನಾವು ‘ಹೇಳಿಕೆ’ ಅನ್ನುತ್ತೇವೆ. ಉದ್ಧರಣ ಚಿಹ್ನೆಯೊಳಗೆ ಇದ್ದದ್ದೆಲ್ಲ ಹೇಳಿಕೆ, ಅಷ್ಟೇ.

*ಮಣಿಪಾಲದಿಂದ:* ಪತ್ರಿಕೆಗೆ ಸರಿ, ಡೆಕ್‌ಗೆ ಸಾಲದು. ಈ ಕೆಲಸ ನಾನು ಜಾಸ್ತಿ ಮಾಡಿದ್ದೇನೆ. ಡೆಕ್ ಮಾಡುವವರು ತಮ್ಮದೇ ಸಾರಾಂಶಕ್ಕೂ ಚಿಹ್ನೆ ಹಾಕಿರುತ್ತಾರೆ. “ನನಗೆ ವೇಗವಾದ, ಸುರಕ್ಷಿತ ಪಾವತಿ ಬೇಕು” ಅಂತ ಯಾರಾದರೂ ಮಾತಾಡುತ್ತಾರಾ? ಅದಕ್ಕೆ ನಾನು ಎರಡು ಕಾಲಂ ಇಡುತ್ತೇನೆ: ‘ಆಡಿದ ಮಾತು’ ಮತ್ತು ‘ಸಾರ’. ಸಂದರ್ಶನದ ಬರಹದಲ್ಲಿ ಆ ಸಾಲು ಸಿಕ್ಕಿದರೆ ಮಾತ್ರ ಮೊದಲನೆಯದಕ್ಕೆ. ಇನ್ನೊಂದು, ಒಂದೇ ಮಾತು ಮುಖ್ಯಾಂಶದ ಸ್ಲೈಡಿನಲ್ಲೂ ಒಳಗಿನ ಸ್ಲೈಡಿನಲ್ಲೂ ಬಂದಿರುತ್ತದೆ. ಅದು ಒಂದೇ ಸಾಲು, ಸ್ಲೈಡ್ ನಂಬರ್ ಮಾತ್ರ ಎರಡು. ತಲೆಬರಹ ನೋಡಿ ಗುಂಪು ಮಾಡಬೇಡಿ, ಮಾತು ಓದಿ ಮಾಡಿ.

ನೀವು ಹೇಳಿದ ಹಾಗೆ ಬರಹ ತರಿಸಿ ನೋಡಿದೆ. ‘ಹಣ ಕಳಕೊಂಡವರು’ ಅನ್ನುವ ಸ್ಲೈಡಿನಲ್ಲಿ P9 ಹೇಳಿದ್ದು “ಹಣ ಹೋಯಿತು, ಮತ್ತೆ ಹಾಕಲಿಲ್ಲ” ಅಂತ ಇದೆ. ಅವರು ಮಾತಾಡಿದ್ದು ತುಳುವಿನಲ್ಲಿ. ಬರಹದಲ್ಲಿ ಇರುವುದು “ದುಡ್ಡು ಪೋಂಡುಗೆ”. ಆ ಕೊನೆಯ ‘ಗೆ’ ಅಂದರೆ ನಮ್ಮ ‘ಅಂತೆ’. ಹಣ ಹೋದದ್ದು ಪಕ್ಕದ ಮನೆಯವರದ್ದು! ಕನ್ನಡಕ್ಕೆ ತಂದವರು ‘ಗೆ’ ಬಿಟ್ಟಿದ್ದಾರೆ. ‘ಕೇಳಿ ಹೆದರಿದ್ದು’ ಅಂತ ಹೊಸ ಗುಂಪು ಮಾಡಿ ಅಲ್ಲಿ ಹಾಕಿದೆ. ಆ ಸ್ಲೈಡಿನ ಐದು ಕೋಟ್‌ಗಳಲ್ಲಿ ಎರಡು ಹೀಗೆ ‘ಅಂತೆ’ಯವು, ಎರಡು P4 ಒಬ್ಬರದ್ದೇ. ನಿಜವಾಗಿ ಹಣ ಕಳಕೊಂಡವರು ಇಬ್ಬರೇ.

*ಮಣಿಪಾಲದಿಂದ:* ಥೀಮ್‌ಗೆ ‘ಎಳೆ’ ಅನ್ನಿ. ಒಂದು ಮಾತಿನಲ್ಲಿ ಹೆದರಿಕೆಯೂ ಇರಬಹುದು, ಒಟಿಪಿಯ ಕಿರಿಕಿರಿಯೂ ಇರಬಹುದು. ಗುಂಪು ಅಂದರೆ ಒಂದೇ ಕಡೆ ಹಾಕಬೇಕಾಗುತ್ತದೆ.

*ಉಡುಪಿಯಿಂದ:* ಎಳೆ ಚಂದ. ಆದರೆ ಶೀಟಿನಲ್ಲಿ ‘ಎಳೆ’ ಅಂತ ನೋಡಿದರೆ ಮ್ಯಾನೇಜರ್ ಎಳೆಯುವುದು ಏನನ್ನು ಅಂತ ಕೇಳಿಯಾರು. ನನಗೆ ‘ಗುಂಪು’ ಸಾಕು.

‘ಆಡಿದ ಮಾತು’ ಇಟ್ಟುಕೊಂಡೆ. ಥೀಮ್ ಕಾಲಂ ಸದ್ಯಕ್ಕೆ ‘ಥೀಮ್’ ಅಂತಲೇ ಇದೆ. ಈಗ ಹೊಸ ಸಂಶಯ: ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆದ ಮೇಲೂ ಅದನ್ನು ‘ಆಡಿದ ಮಾತು’ ಅನ್ನಬಹುದಾ?