ಎರಡು ವರ್ಷ ಬರಬೇಕಾದ ಬಟನ್ ಸೆಲ್ ನಾಲ್ಕೇ ತಿಂಗಳಿಗೆ ಖಾಲಿ

ಪ್ರಶ್ನೆ (ಬ್ರಹ್ಮಾವರ): ಅಡಿಕೆ ದಾಸ್ತಾನು ಕೋಣೆಗೆ ಸಣ್ಣ ಸೆನ್ಸರ್ ಮಾಡಿದ್ದೇನೆ. ತೇವಾಂಶ ನೋಡ್ತದೆ, ಬಾಗಿಲಿನ ಅಯಸ್ಕಾಂತ ಹತ್ತಿರ ಬಂದರೆ ಮುಚ್ಚುವ ರೀಡ್ ಸ್ವಿಚ್ ಮೂಲಕ ಬಾಗಿಲು ಹಾಕಿದೆಯಾ ಅಂತಲೂ ತಿಳಿಸ್ತದೆ. ಸಿಆರ್2032 ಸೆಲ್. ನಿಮಿಷಕ್ಕೊಮ್ಮೆ 50 ಮಿಲಿಸೆಕೆಂಡ್ ಎಚ್ಚರ, ಆಗ 9 ಮಿಲಿ ಆಂಪಿಯರ್. ನಿದ್ದೆಯಲ್ಲಿ ಡೇಟಾಶೀಟ್ ಪ್ರಕಾರ 3 ಮೈಕ್ರೋ ಆಂಪಿಯರ್. ಎರಡು ವರ್ಷ ಬರಬೇಕಿತ್ತು, ನಾಲ್ಕು ತಿಂಗಳಿಗೆ ಸತ್ತಿತು. ಲೆಕ್ಕ ತಪ್ಪಾ, ಸೆಲ್ ಕಳಪೆಯಾ?

ಬಜ್ಪೆ: ನನ್ನ ಕಾರಿನ ರಿಮೋಟಿಗೂ ಇದೇ ಸೆಲ್, ವರ್ಷ ಆಗುವುದರೊಳಗೆ ಹೋಗ್ತದೆ. ಯಾವ ಕಂಪನಿಯದ್ದು ಒಳ್ಳೆಯದು ಅಂತ ಯಾರಾದರೂ ಹೇಳಿ ಮಾರಾಯ್ರೆ.

ಕಂಕನಾಡಿ: ಸೆಲ್ಲಿಗೆ 9 ಮಿಲಿ ಆಂಪಿಯರ್ ತುಂಬಾ ಆಯ್ತು, ಅದೇ ಕಾರಣ. ಪಕ್ಕದಲ್ಲಿ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ, ಸರಿ ಹೋಗ್ತದೆ. ಸೆಲ್ ಹಳತಾದ ಹಾಗೆ ಒಳಗಿನ ರೆಸಿಸ್ಟೆನ್ಸ್ ಏರಿ 100 ಓಮ್ ದಾಟುವುದುಂಟು. ಆಗ 9 ಮಿಲಿ ಆಂಪಿಯರ್ ಎಳೆದರೆ 0.9 ವೋಲ್ಟ್ ಅಲ್ಲೇ ಬಿದ್ದು ಬೋರ್ಡ್ ರೀಸೆಟ್ ಆಗ್ತದೆ.

ಸುರತ್ಕಲ್: ಕಂಕನಾಡಿಯವರು ಹೇಳಿದ ರೆಸಿಸ್ಟೆನ್ಸ್ ವಿಷಯ ನಿಜ. ಆದರೆ ಆ ಕೆಪಾಸಿಟರ್ ಸಾಲುವುದಿಲ್ಲ. 9 ಮಿಲಿ ಆಂಪಿಯರನ್ನು 50 ಮಿಲಿಸೆಕೆಂಡ್ ಅದೊಂದೇ ಕೊಡಬೇಕಾದರೆ 100 ಮೈಕ್ರೋಫ್ಯಾರಡ್‌ನಲ್ಲಿ 4.5 ವೋಲ್ಟ್ ಇಳಿಯಬೇಕು, ಸೆಲ್ ಇರುವುದೇ 3 ವೋಲ್ಟ್. ಒಂದೆರಡು ಮಿಲಿಸೆಕೆಂಡಿನ ಎಳೆತಕ್ಕಾದರೆ ಅದು ಚೆನ್ನಾಗಿ ನೆರವಾಗ್ತದೆ.

ಬ್ರಹ್ಮಾವರದವರ ಲೆಕ್ಕದಲ್ಲಿ ತಪ್ಪಿಲ್ಲ. ಸೆಲ್ಲಿನ ಸಾಮರ್ಥ್ಯ 220 mAh ಹಿಡಿದರೆ ಹೀಗೆ.

```
I_avg = (I_active*t_active + I_sleep*t_sleep) / T
      = 7.5 µA + 3 µA = 10.5 µA
220 mAh / 0.0105 mA ≈ 20950 h
```

ಅಂದರೆ ಸುಮಾರು ಎರಡು ವರ್ಷ ನಾಲ್ಕೂವರೆ ತಿಂಗಳು. ಎಳೆತ ಜಾಸ್ತಿ ಇರುವಲ್ಲಿ ನಾನು 220ರ ಬದಲು 170 ಹಿಡಿಯುತ್ತೇನೆ, ಕೊನೆಯ ಭಾಗ ಕೈಗೆ ಸಿಗುವುದಿಲ್ಲ. ಹಾಗೆ ಹಿಡಿದರೂ ಎರಡು ವರ್ಷದ ಹತ್ತಿರ ಬರ್ತದೆ.

ಈಗ ಅದೇ ಲೆಕ್ಕವನ್ನು ಹಿಂದಿನಿಂದ ಹಾಕಿ. ನಾಲ್ಕು ತಿಂಗಳೆಂದರೆ ಸುಮಾರು 2900 ಗಂಟೆ. 220ನ್ನು ಅದರಿಂದ ಭಾಗಿಸಿದರೆ ಸರಾಸರಿ 76 ಮೈಕ್ರೋ ಆಂಪಿಯರ್. ಎಚ್ಚರದ ಪಾಲು ಅದರಲ್ಲಿ 7.5 ಮಾತ್ರ. ಹಾಗಾದರೆ ನಿದ್ದೆಯಲ್ಲೇ 68ರಷ್ಟು ಸೋರುತ್ತಾ ಉಂಟು. ಡೇಟಾಶೀಟಿನ 3 ಮೈಕ್ರೋ ಚಿಪ್ ಒಂದರದ್ದು, ನಿಮ್ಮ ಇಡೀ ಬೋರ್ಡಿನದ್ದಲ್ಲ.

ಅಳೆಯುವುದು ಹೀಗೆ. ಎದ್ದೇಳದೆ ನಿದ್ದೆ ಮಾತ್ರ ಮಾಡುವ ಒಂದು ಸಣ್ಣ ಪ್ರೋಗ್ರಾಂ ಹಾಕಿ. ಸೆಲ್ಲಿನ ಸಾಲಿನಲ್ಲಿ 1 ಕಿಲೋ ಓಮ್ ರೆಸಿಸ್ಟರ್ ಕೂರಿಸಿ, ಬೋರ್ಡ್ ಶುರುವಾಗುವ ತನಕ ಅದರ ಎರಡು ತುದಿಗೆ ವಯರ್ ಹಿಡಿದು ಶಾರ್ಟ್ ಮಾಡಿ, ನಿದ್ದೆಗೆ ಹೋದ ಮೇಲೆ ವಯರ್ ತೆಗೆಯಿರಿ. ಮೀಟರನ್ನು ರೆಸಿಸ್ಟರಿನ ಮೇಲೆ ಇಟ್ಟರೆ ಒಂದು ಮಿಲಿವೋಲ್ಟಿಗೆ ಒಂದು ಮೈಕ್ರೋ ಆಂಪಿಯರ್. ಬಾಗಿಲಿನ ಅಯಸ್ಕಾಂತ ಹತ್ತಿರ ಇಟ್ಟು ಒಮ್ಮೆ, ದೂರ ಇಟ್ಟು ಒಮ್ಮೆ ನೋಡಿ. ನನಗೆ ಅನುಮಾನ ಅಲ್ಲೇ.

ಬ್ರಹ್ಮಾವರ: ನೋಡಿದೆ ಸಾರ್. ಅಯಸ್ಕಾಂತ ಹತ್ತಿರ ಇದ್ದಾಗ 67 ಮಿಲಿವೋಲ್ಟ್ ಆಸುಪಾಸು, ದೂರ ಎಳೆದ ಕೂಡಲೇ 3. ರೀಡ್ ಸ್ವಿಚ್ಚಿನ ಪಿನ್ನನ್ನು 3 ವೋಲ್ಟಿಗೆ ಎಳೆದಿಡಲು 47 ಕಿಲೋ ಓಮ್ ಪುಲ್-ಅಪ್ ಹಾಕಿದ್ದೆ.

ಸುರತ್ಕಲ್: ಸಿಕ್ಕಿತಲ್ಲ. ಬಾಗಿಲು ಹಾಕಿದಾಗ ಸ್ವಿಚ್ ಮುಚ್ಚಿ ಪಿನ್ ಗ್ರೌಂಡಿಗೆ ಸೇರ್ತದೆ, 3 ವೋಲ್ಟ್ 47 ಕಿಲೋ ಓಮ್ ಮೂಲಕ ಹರಿದರೆ 64 ಮೈಕ್ರೋ ಆಂಪಿಯರ್. ದಾಸ್ತಾನು ಕೋಣೆಯ ಬಾಗಿಲು ದಿನವಿಡೀ ಹಾಕಿಯೇ ಇರ್ತದೆ. ಪುಲ್-ಅಪ್ಪನ್ನು 1 ಮೆಗಾ ಓಮ್ ಮಾಡಿದರೆ ಆ 64 ಇದ್ದದ್ದು 3ಕ್ಕೆ ಇಳಿಯುತ್ತದೆ, ಒಟ್ಟು ಸರಾಸರಿ 13.5. ಇಲ್ಲವೇ ಹೊರಗಿನ ರೆಸಿಸ್ಟರ್ ತೆಗೆದು, ಎದ್ದಾಗ ಮಾತ್ರ ಚಿಪ್ಪಿನ ಒಳಗಿನ ಪುಲ್-ಅಪ್ ಆನ್ ಮಾಡಿ, ಓದಿ, ಮತ್ತೆ ಆಫ್ ಮಾಡಿ. ಆಗ ಲೆಕ್ಕ ಮೊದಲಿನ 10.5ಕ್ಕೇ ಬಂದು ನಿಲ್ತದೆ.

ಮಣಿಪಾಲ: ಎರಡನೇ ಉಪಾಯದಲ್ಲಿ ಒಂದು ತೊಂದರೆ. ನಿಮಿಷಕ್ಕೊಮ್ಮೆ ಓದುವುದಾದರೆ, ಯಾರಾದರೂ ಅರ್ಧ ನಿಮಿಷಕ್ಕೆ ಬಾಗಿಲು ತೆರೆದು ಹಾಕಿದರೆ ಗೊತ್ತೇ ಆಗದಿರಬಹುದು. ಹಾಗೆಂದು 1 ಮೆಗಾ ಓಮ್ ಹಾಕುವಾಗಲೂ ನಮ್ಮ ಊರಿನ ಮಳೆಗಾಲ ನೆನಪಿರಲಿ. ಬೆಸುಗೆಯ ಫ್ಲಕ್ಸ್ ತೊಳೆಯದೆ ಬಿಟ್ಟರೆ ಆಷಾಢದ ತೇವಕ್ಕೆ ಬೋರ್ಡಿನ ಮೇಲೆಯೇ ಕರೆಂಟ್ ಸೋರಿ, ಬಾಗಿಲು ತೆರೆದಿದ್ದರೂ ಹಾಕಿದೆ ಅಂತ ತೋರಿಸ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು, ಒಣಗಿಸಿ, ಮೇಲೆ ವಾರ್ನಿಷ್ ಲೇಪ ಕೊಡಿ. ಸೆಲ್ ಹೋಲ್ಡರ್ ಮತ್ತು ತೇವಾಂಶದ ಸೆನ್ಸರಿನ ಬಾಯಿಗೆ ಮಾತ್ರ ತಾಗಿಸಬೇಡಿ.

ಸುರತ್ಕಲ್: ಅಯಸ್ಕಾಂತ ಹತ್ತಿರ ಬಂದಾಗ ತೆರೆದುಕೊಳ್ಳುವ ರೀಡ್ ಸ್ವಿಚ್ಚೂ ಸಿಗ್ತದೆ. ಅದಾದರೆ ಬಾಗಿಲು ಹಾಕಿದಾಗ ಕರೆಂಟೇ ಇಲ್ಲ, ತೆರೆದ ಕೂಡಲೇ ಚಿಪ್ಪನ್ನು ಎಬ್ಬಿಸಲೂ ಆಗ್ತದೆ. 47 ಕಿಲೋ ಓಮ್ ಹಾಗೇ ಇರಲಿ, ತೇವಕ್ಕೆ ಅದೇ ಗಟ್ಟಿ.

ಬ್ರಹ್ಮಾವರ: ಮಧ್ಯಾಹ್ನ ಅಡಿಕೆ ಒಣಗಿಸಲು ಬಾಗಿಲು ಮೂರ್ನಾಲ್ಕು ಗಂಟೆ ತೆರೆದೇ ಇರ್ತದೆ. ಆಗ ಆ 64 ಮತ್ತೆ ಬರ್ತದಲ್ಲಾ?

ಮಣಿಪಾಲ: ಬರ್ತದೆ. ದಿನಕ್ಕೆ 4 ಗಂಟೆ ಹಿಡಿದರೆ ಆರರಲ್ಲೊಂದು ಪಾಲು, ಸರಾಸರಿಗೆ ಸುಮಾರು 11 ಸೇರಿ 21 ಆಯಿತು. 220 ಹಿಡಿದರೆ ವರ್ಷದ ಮೇಲೆ ಎರಡು ತಿಂಗಳು, 170 ಹಿಡಿದರೆ ಹನ್ನೊಂದು ತಿಂಗಳು. ತೆರೆದದ್ದು ಗೊತ್ತಾದ ಮೇಲೆ ಪುಲ್-ಅಪ್ಪನ್ನೇ ಆಫ್ ಮಾಡಿ ನಿಮಿಷಕ್ಕೊಮ್ಮೆ ಓದುವಂತೆ ಬರೆದರೆ ಆ ಕರೆಂಟೂ ಉಳಿತಾಯ ಆಗ್ತದೆ. ಅದಕ್ಕೆ ಪುಲ್-ಅಪ್ಪನ್ನು ಪ್ರೋಗ್ರಾಂನಿಂದ ಆಫ್ ಮಾಡಲು ಬರಬೇಕು; ನೇರ 3 ವೋಲ್ಟಿಗೆ ಕಟ್ಟಿದ 47 ಕಿಲೋ ಓಮ್ ಆದರೆ ಆಗದು, ಚಿಪ್ಪಿನ ಒಳಗಿನದ್ದಾದರೆ ಆಗ್ತದೆ.