ಸಹಾಯ ಬೇಕು: ಕಾಫಿ ಖರೀದಿಯ ಎಂಒಯು ಓದಿ ಕನ್ನಡದಲ್ಲಿ ಹೇಳುವವರು

ಸಕಲೇಶಪುರದ ನಮ್ಮ ಬೆಳೆಗಾರರ ಗುಂಪಿಗೆ ಖರೀದಿದಾರರೊಬ್ಬರು ಇಂಗ್ಲಿಷ್ ಎಂಒಯು ಕಳಿಸಿದ್ದಾರೆ. 3ನೇ ಕಲಮಿನಲ್ಲಿ ಅವರು ಕಾಫಿ ಕೊಳ್ಳಲು ‘ಇಂಟೆಂಡ್ಸ್ ಟು’ ಎಂದಿದೆ. ಅದು ಬರೀ ಉದ್ದೇಶ, ಕೊಳ್ಳದಿದ್ದರೆ ಕೇಳುವುದು ಕಷ್ಟ. ಆದರೆ 7ನೇ ಕಲಮಿನಲ್ಲಿ ನಾವು 90 ದಿನ ಬೇರೆಯವರಿಗೆ ಮಾರಬಾರದು ಎನ್ನುವಲ್ಲಿ ‘ಶಲ್ ನಾಟ್’ ಎಂಬ ಕಡ್ಡಾಯದ ಮಾತಿದೆ. ಕೊನೆಯ ಪುಟದಲ್ಲಿ, 7 ಮತ್ತು 9ನೇ ಕಲಮು ಬಿಟ್ಟು ಉಳಿದುದು ಯಾರನ್ನೂ ಕಟ್ಟಿಹಾಕದು ಎಂಬ ಒಂದೇ ಸಾಲು. 9ನೆಯದು ಗೋಪ್ಯತೆ, ಅದು ಇಬ್ಬರಿಗೂ ಸಮ. 7ನೆಯದು ನಮಗೊಬ್ಬರಿಗೇ ಕಟ್ಟು. ಕೊಯ್ಲಿನ ಹೊತ್ತಿಗೆ ಸಹಿ ಬಿದ್ದು ಅವರು ಕೊಳ್ಳದಿದ್ದರೆ ಮಾಲು ಗೋಡೌನಿನಲ್ಲೇ ಉಳಿಯುತ್ತದೆ.

ಎಂಒಯು ಎಂಬ ತಲೆಬರಹ ನೋಡಿ ‘ಇದಕ್ಕೆ ಬಲವಿಲ್ಲ’ ಎಂದು ಸದಸ್ಯರು ಸಹಿಗೆ ಸಿದ್ಧರಿದ್ದಾರೆ. ಕರಾರು ಪತ್ರ ಓದಿ ರೂಢಿಯಿರುವ ಹಾಸನದ ವಕೀಲರು ಯಾರಾದರೂ ಭಾನುವಾರ ಬಂದು ಕಲಮುವಾರು ಬಿಡಿಸಿ ಹೇಳುತ್ತೀರಾ? 5ನೇ ಕಲಮಿನ ‘ರೀಸನಬಲ್ ಎಂಡೆವರ್ಸ್’, ಅಂದರೆ ತಕ್ಕಮಟ್ಟಿನ ಪ್ರಯತ್ನ ಎಂಬ ಮಾತು, ಕೊನೆಯ ಪುಟದ ಆ ಸಾಲು ಇರುವಾಗ ಅವರನ್ನು ಎಷ್ಟು ಕಟ್ಟುತ್ತದೆ ಎಂಬುದು ಮುಖ್ಯವಾಗಿ ಬೇಕು.